ಭಾರ ಮೊದಲು, ಬಣ್ಣ ಆಮೇಲೆ

ಬ್ಯಾಗ್ ಕೊಳ್ಳುವ ಮುಂಚೆ ದಿನಾ ಹೊರುವ ಸಾಮಾನನ್ನೆಲ್ಲ ತೂಗಿ ನೋಡಬೇಕು. ತುಂಬಿದ ಬ್ಯಾಗ್ ಹಿಡಿದು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ಬರಿಗೈಯಲ್ಲಿ ನಿಲ್ಲಿ. ವ್ಯತ್ಯಾಸವೇ ನಿಮ್ಮ ಭಾರ.

ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಬಸ್ಸಿನಲ್ಲಿ ಓಡಾಡುವ ಉಪನ್ಯಾಸಕಿಯೊಬ್ಬರು ಇದ್ದಾರೆ ಎಂದುಕೊಳ್ಳಿ. ವಾರದಲ್ಲಿ ಮೂರು ದಿನ ಸೀರೆ, ಉಳಿದಂತೆ ಚೂಡಿದಾರ. ಲ್ಯಾಪ್‌ಟಾಪ್ ಒಂದೂವರೆ ಕಿಲೋ, ಚಾರ್ಜರ್ 300 ಗ್ರಾಂ, ನೀರು ತುಂಬಿದ ಸ್ಟೀಲ್ ಬಾಟಲಿ 1 ಕಿಲೋ, ಬುತ್ತಿಯ ಡಬ್ಬಿ 600 ಗ್ರಾಂ, ಕೊಡೆ 300 ಗ್ರಾಂ. ಒಟ್ಟು 3.7 ಕಿಲೋ. ಅದರ ಮೇಲೆ ಬ್ಯಾಗಿನದೇ ತೂಕ. ದಪ್ಪ ಚರ್ಮದ್ದಾದರೆ ಅದೊಂದೇ 1 ಕಿಲೋ ದಾಟಬಹುದು.

ಇಷ್ಟನ್ನು ಒಂದೇ ಹೆಗಲಿಗೆ ಹಾಕಿದರೆ ಪಟ್ಟಿ ಜಾರದಂತೆ ಆ ಹೆಗಲು ತಾನಾಗಿ ಮೇಲೇಳುತ್ತದೆ, ಕತ್ತು ಇನ್ನೊಂದು ಕಡೆಗೆ ವಾಲುತ್ತದೆ. ಭಾರ 2 ಕಿಲೋ ದಾಟಿತೆಂದರೆ ಎರಡೂ ಹೆಗಲಿಗೆ ಹಂಚುವ ಬೆನ್ನುಚೀಲವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಸಾಮಾನಿಗೆ ಸುಮಾರು 20 ಲೀಟರಿನದು ಸಾಕು. ಕೊಳ್ಳುವಾಗ ಲ್ಯಾಪ್‌ಟಾಪನ್ನೂ ಡಬ್ಬಿಯನ್ನೂ ಅಂಗಡಿಗೇ ಒಯ್ಯಿರಿ. ಲ್ಯಾಪ್‌ಟಾಪಿನ ಇಂಚು ಪರದೆಯ ಮೂಲೆಯಿಂದ ಮೂಲೆಗಿರುವ ಅಳತೆಯೇ ಹೊರತು ಅದರ ಅಗಲವಲ್ಲ. ಎಲ್ಲ ತುಂಬಿದ ಮೇಲೆ ಜಿಪ್ ಮೂಲೆಗಳಲ್ಲಿ ಬಿಗಿದರೆ ಬ್ಯಾಗ್ ಚಿಕ್ಕದು. ಹೊತ್ತಾಗ ಅದರ ತಳ ಸೊಂಟಕ್ಕಿಂತ ಕೆಳಗೆ ಜೋತರೆ, ಪಟ್ಟಿ ಬಿಗಿದರೂ ಮೇಲೆ ಬರದಿದ್ದರೆ, ಅದು ನಿಮಗೆ ಉದ್ದವಾಯಿತು.

ಸೀರೆಯ ದಿನದ ತೊಡಕೇ ಬೇರೆ. ಬೆನ್ನುಚೀಲದ ಎಡಪಟ್ಟಿ ಸೆರಗಿನ ಮೇಲೇ ಕೂರುತ್ತದೆ. ಹತ್ತಿ ಸೀರೆಯ ನೆರಿಗೆ ಪಿನ್ನು ಮಾಡಿದ ಸೆರಗು ಇದನ್ನು ತಡೆದುಕೊಳ್ಳುತ್ತದೆ. ರೇಷ್ಮೆ, ಜರಿ ತಡೆಯುವುದಿಲ್ಲ; ಪಟ್ಟಿಯ ಬಕಲ್ಲಿಗೆ ಎಳೆ ಸಿಕ್ಕಿ ಕೀಳುತ್ತದೆ. ಆ ದಿನ ಲ್ಯಾಪ್‌ಟಾಪನ್ನು ಚಾರ್ಜರ್ ಸಮೇತ ಕಾಲೇಜಿನಲ್ಲೇ ಬಿಡಲು ಸಾಧ್ಯವಾದರೆ ಸಾಮಾನಿನ ಭಾರ 2 ಕಿಲೋದ ಒಳಗೆ ಇಳಿಯುತ್ತದೆ, ಬಲ ಹೆಗಲಿನ ಕೈಚೀಲ ಸಾಕಾಗುತ್ತದೆ. ಸಾಧ್ಯವಿಲ್ಲದಿದ್ದರೆ, ಮೇಲೆ ಗಟ್ಟಿ ಹಿಡಿಯಿರುವ ಬೆನ್ನುಚೀಲ ಆರಿಸಿಕೊಂಡು ಬಸ್ ಹತ್ತಿಳಿಯುವಷ್ಟು ದೂರ ಕೈಯಲ್ಲಿ ಹಿಡಿಯಬಹುದು.

ಇನ್ನು ಬಣ್ಣ. ಒಂದು ಉಡುಪಿಗೆ ಹೊಂದಿಸಿ ಕೊಂಡ ಬ್ಯಾಗ್ ಉಳಿದ ದಿನ ಮೂಲೆಗೆ ಬೀಳುತ್ತದೆ. ಕಪಾಟು ತೆರೆದು, ಬಟ್ಟೆಗಳ ಮೈಬಣ್ಣ ಬಿಟ್ಟು ಅಂಚು, ಸೆರಗು, ದುಪಟ್ಟಾ, ಚಪ್ಪಲಿಗಳಲ್ಲಿ ಪದೇ ಪದೇ ಕಾಣುವ ಬಣ್ಣ ಯಾವುದೆಂದು ನೋಡಿ. ಇಳಕಲ್ ಸೀರೆ ಹೆಚ್ಚು ಉಡುವವರಿಗೆ ಅದರ ಕೆಂಪು ಸೆರಗಿನ ದೆಸೆಯಿಂದ ಮರೂನ್ ಸಹಜವಾಗಿ ಒಪ್ಪುತ್ತದೆ. ಕಂದು ಚಪ್ಪಲಿಯ ಜೊತೆಗೂ ಅದು ಜಗಳವಾಡುವುದಿಲ್ಲ. ಅಂಗಡಿಯ ಹಳದಿ ದೀಪದಲ್ಲಿ ಮರೂನ್, ಕಂದು ಒಂದೇ ಥರ ಕಾಣಬಹುದು, ಬಾಗಿಲ ಬೆಳಕಿಗೆ ತಂದು ನೋಡಿ.

ತಿಳಿ ಕೆನೆಬಣ್ಣ ಚೆಂದವೇ. ಆದರೆ ಹೊಸ ಜೀನ್ಸಿನ, ಗಾಢ ನೀಲಿ ಕುರ್ತಾದ ಬಣ್ಣ ಉಜ್ಜಿ ಉಜ್ಜಿ ಬ್ಯಾಗಿನ ಬೆನ್ನಿಗೆ ಹತ್ತಿಬಿಟ್ಟರೆ ಹೋಗುವುದು ಕಷ್ಟ. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಕುರ್ತಾದ ಒಳಭಾಗವನ್ನು ತಿಕ್ಕಿ ನೋಡಿ. ನೀಲಿ ಬಂದರೆ, ಇನ್ನೂ ನಾಲ್ಕಾರು ಒಗೆತ ಆಗುವ ತನಕ ಗಾಢ ಬಣ್ಣದ ಬ್ಯಾಗನ್ನೇ ಒಯ್ಯಿರಿ.