ಸರಾಸರಿ ಒಂದೇ, ಬೌಲರ್ ಬೇರೆ

1964ರ ಜನವರಿ, ಮದ್ರಾಸ್ ಟೆಸ್ಟ್. ಎಡಗೈ ಸ್ಪಿನ್ನರ್ ಬಾಪು ನಾಡಕರ್ಣಿ ಇಂಗ್ಲೆಂಡಿನ ಮೊದಲ ಇನಿಂಗ್ಸ್‌ನಲ್ಲಿ 32 ಓವರ್ ಎಸೆದರು. ಅದರಲ್ಲಿ 27 ಮೇಡನ್, ಕೊಟ್ಟದ್ದು ಬರೀ 5 ರನ್. ವಿಕೆಟ್ ಮಾತ್ರ ಒಂದೂ ಇಲ್ಲ.

ಕೊಟ್ಟ ರನ್ನನ್ನು ಓವರ್‌ಗಳಿಂದ ಭಾಗಿಸಿದರೆ ಎಕಾನಮಿ. ಆ ದಿನ ನಾಡಕರ್ಣಿಯವರದು 0.16ಕ್ಕೂ ಕಡಿಮೆ. ರನ್ನನ್ನು ವಿಕೆಟ್‌ಗಳಿಂದ ಭಾಗಿಸಿದರೆ ಸರಾಸರಿ, ಎಸೆತಗಳನ್ನು ವಿಕೆಟ್‌ಗಳಿಂದ ಭಾಗಿಸಿದರೆ ಸ್ಟ್ರೈಕ್ ರೇಟ್. ವಿಕೆಟ್ಟೇ ಬೀಳದ್ದರಿಂದ ಆ ಇನಿಂಗ್ಸ್‌ಗೆ ಇವೆರಡೂ ಲೆಕ್ಕಕ್ಕೆ ಸಿಗುವುದಿಲ್ಲ. ವೈಡ್, ನೋಬಾಲ್‌ಗಳ ರನ್ ಈಗ ಬೌಲರ್ ತಲೆಗೇ ಬರುತ್ತದೆ. ಬೈ, ಲೆಗ್ ಬೈ ಬರುವುದಿಲ್ಲ. ರನೌಟ್ ಕೂಡ ಅವನ ಖಾತೆಗೆ ಸೇರದು.

ನಾಡಕರ್ಣಿಯವರ ಇಡೀ ಟೆಸ್ಟ್ ಬಾಳುವೆಯ ಸರಾಸರಿ 29.07. ಆಸ್ಟ್ರೇಲಿಯಾದ ವೇಗಿ ಬ್ರೆಟ್ ಲೀ ಅವರದು 30.81. ಸರಾಸರಿಯೊಂದನ್ನೇ ನೋಡುವ ಆಯ್ಕೆಗಾರನಿಗೆ ಇಬ್ಬರೂ ಹೆಚ್ಚುಕಡಿಮೆ ಒಂದೇ. ಆದರೆ ಪ್ರತಿ ವಿಕೆಟ್‌ಗೆ ಲೀ ಸುಮಾರು 53 ಎಸೆತ ತೆಗೆದುಕೊಂಡರೆ, ನಾಡಕರ್ಣಿ 104 ತೆಗೆದುಕೊಂಡರು. ಎಕಾನಮಿಯಲ್ಲಿ ಲೆಕ್ಕ ತಿರುಗುಮುರುಗು: ಓವರಿಗೆ ನಾಡಕರ್ಣಿ 1.67, ಲೀ 3.46.

ಟೆಸ್ಟ್ ಗೆಲ್ಲಲು ಸಾಮಾನ್ಯವಾಗಿ ಎದುರಾಳಿಯ 20 ವಿಕೆಟ್ ಬೇಕು. ತಂಡದ ಎಲ್ಲ ಬೌಲರ್‌ಗಳೂ ನಾಡಕರ್ಣಿಯ ಹಾಗೆಯೇ ಎಂದುಕೊಳ್ಳೋಣ. 20 ವಿಕೆಟ್‌ಗೆ ಸುಮಾರು 347 ಓವರ್ ಬೇಕಾಗುತ್ತದೆ. ದಿನಕ್ಕೆ 90ರಂತೆ ಐದು ದಿನಕ್ಕೆ ಸಿಗುವುದೇ 450. ತಮ್ಮ ಬ್ಯಾಟಿಂಗಿಗೆ ಉಳಿಯುವುದು 103 ಓವರ್. ಎಲ್ಲರೂ ಲೀ ಆದರೆ 178 ಓವರ್ ಸಾಕು, ಉಳಿಯುವುದು 272. ಎದುರಾಳಿ ಗಳಿಸುವ ರನ್ನಿನಲ್ಲಿ ವ್ಯತ್ಯಾಸ 35 ಮಾತ್ರ! ಪಂದ್ಯ ಡ್ರಾ ಆಗುವುದೋ ಗೆಲ್ಲುವುದೋ ಎಂಬುದನ್ನು ಸರಾಸರಿ ಮರೆಮಾಚಿ, ಸ್ಟ್ರೈಕ್ ರೇಟ್ ಹೇಳಿಬಿಡುತ್ತದೆ.

ಈ ಹೋಲಿಕೆಯಲ್ಲಿ ನಾಡಕರ್ಣಿಯವರಿಗೆ ಸ್ವಲ್ಪ ಅನ್ಯಾಯವೂ ಇದೆ. ಅವರ ಕಾಲದ ಬ್ಯಾಟಿಂಗೇ ನಿಧಾನ. ಜೊತೆಗೆ, ಬೌಲರ್ ಒಂಟಿಯಾಗಿ ಎಸೆಯುವುದಿಲ್ಲ. ಅದೇ ಸರಣಿಯ ಮುಂದಿನ ಟೆಸ್ಟ್‌ನಲ್ಲಿ, ಮುಂಬಯಿಯಲ್ಲಿ, ನಮ್ಮ ಬಿ.ಎಸ್. ಚಂದ್ರಶೇಖರ್ ಟೆಸ್ಟ್‌ಗೆ ಕಾಲಿಟ್ಟರು. ಅವರ ಸರಾಸರಿ 29.74, ಸ್ಟ್ರೈಕ್ ರೇಟ್ ಸುಮಾರು 66. ಒಂದು ತುದಿಯಲ್ಲಿ ರನ್ ಬತ್ತಿಸುವವನಿದ್ದರೆ ಬ್ಯಾಟರ್ ಇನ್ನೊಂದು ತುದಿಯಲ್ಲಿ ಸಾಹಸಕ್ಕೆ ಇಳಿಯುತ್ತಾನೆ. ಹಾಗೆ ಬಿದ್ದ ವಿಕೆಟ್ ಜೊತೆಗಾರನ ಖಾತೆಗೆ ಹೋಗುತ್ತದೆ. ಮೊದಲಿನವನ ಮೂರೂ ಅಂಕಿಗಳಲ್ಲಿ ಅದರ ಗುರುತೇ ಇರದು.

ಟಿ20ಯಲ್ಲಿ ಕಥೆಯೇ ಬೇರೆ. ಒಬ್ಬನಿಗೆ ಸಿಗುವುದು 4 ಓವರ್, ಹತ್ತು ವಿಕೆಟ್ ಬೀಳದಿದ್ದರೂ ಇನಿಂಗ್ಸ್ 20ಕ್ಕೆ ಮುಗಿಯುತ್ತದೆ. ಹೀಗಾಗಿ ಎಕಾನಮಿಗೆ ಬೆಲೆ ಹೆಚ್ಚು. ಆದರೂ ಓವರಿಗೆ 8 ರನ್ ಎಂಬುದನ್ನು ಆಯ್ಕೆಗಾರ ಹಾಗೆಯೇ ಒಪ್ಪಬಾರದು. ಫೀಲ್ಡರ್‌ಗಳು ಗಡಿಯಲ್ಲಿ ಹರಡಿರುವ ನಡುವಿನ ಓವರ್‌ಗಳಲ್ಲಿ ಅದು ಸಾಧಾರಣ; ಎಲ್ಲರೂ ಬ್ಯಾಟ್ ಬೀಸುವ 19ನೇ ಓವರಿನಲ್ಲಿ ಅಷ್ಟಕ್ಕೇ ತಡೆಯುವವನನ್ನು ತಂಡದಿಂದ ಕೈಬಿಡುವುದು ಕಷ್ಟ.