ವೀಸಾ ಮಾಲೀಕ ಕೊಟ್ಟದ್ದು, ಪಾಸ್‌ಪೋರ್ಟ್ ಅಲ್ಲ

"ವೀಸಾ ಮಾಲೀಕನೇ ಕೊಟ್ಟಾನ, ಅಂದ ಮ್ಯಾಲ ಪಾಸ್‌ಪೋರ್ಟ್ ಅವನ ಹತ್ರನೇ ಇರಬೇಕಲ್ಲ ಕಾಕಾ?" ತೆಂಗಳಿ, ಸೇಡಂ, ಶಹಾಬಾದ್ ಕಡೆಯಿಂದ ಗೌಂಡಿ ಕೆಲಸಕ್ಕೆ ಗಲ್ಫಿಗೆ ಹೊರಟ ಹುಡುಗರಲ್ಲಿ ಈ ನಂಬಿಕೆ ಬಲವಾಗಿದೆ. ಇದು ತಪ್ಪು. ಭಾರತದ 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಸ್ವತ್ತು. ಹೊತ್ತವನಿಗೇ ಅದರ ಮಾಲೀಕತ್ವ ಇಲ್ಲದಿರುವಾಗ ಕಂಪನಿಗೆ ಎಲ್ಲಿಂದ ಬರಬೇಕು? ಸಾಲಕ್ಕೆ ಒತ್ತೆ ಇಡುವ ವಸ್ತುವೂ ಅದಲ್ಲ.

ಒಂದೊಂದು ದೇಶದ ಕಾನೂನು ಒಂದೊಂದು ತರಹ ಇರುವುದರಿಂದ ಕತಾರನ್ನು ಮಾತ್ರ ಹಿಡಿದು ನೋಡೋಣ. ನಮ್ಮೂರ ಗೌಂಡಿಯೊಬ್ಬ ದೋಹಾದಲ್ಲಿದ್ದಾನೆ ಎಂದಿಟ್ಟುಕೊಳ್ಳಿ. ಅಲ್ಲಿಗೆ ಹೋಗಿ ಇಳಿದ ವಾರದಲ್ಲೇ ಕಂಪನಿಯವರು ಪಾಸ್‌ಪೋರ್ಟ್ ಇಸಿದುಕೊಂಡರು. ಅಲ್ಲಿಯವರೆಗೆ ತಪ್ಪೇನಿಲ್ಲ, ನಿವಾಸದ ಪರವಾನಗಿ ಮಾಡಿಸಲು ಅದು ಬೇಕೇ ಬೇಕು. ಆದರೆ ಆ ಕೆಲಸ ಮುಗಿದ ಮೇಲೆ ಹಿಂದಿರುಗಿಸಬೇಕು ಎಂದು ಕತಾರಿನ 2015ರ 21ನೇ ಕಾನೂನು ಹೇಳುತ್ತದೆ. ತಪ್ಪಿದ ಕಂಪನಿಗೆ 25,000 ರಿಯಾಲ್‌ವರೆಗೆ ದಂಡವಿದೆ.

ಇದರಲ್ಲೊಂದು ಕಿಂಡಿಯಿದೆ, ಹುಡುಗರು ಸಿಕ್ಕಿಬೀಳುವುದು ಅಲ್ಲೇ. ಕಾರ್ಮಿಕನೇ ಬರವಣಿಗೆಯಲ್ಲಿ ಕೇಳಿಕೊಂಡರೆ ಕಂಪನಿ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದು. ಹಾಗಾಗಿ ಮೊದಲ ದಿನದ ಕಾಗದಗಳ ನಡುವೆ ಅರಬ್ಬಿಯಲ್ಲೋ ಇಂಗ್ಲಿಷಿನಲ್ಲೋ ಇರುವ ಒಂದು ಹಾಳೆ ಸೇರಿಕೊಂಡಿರುತ್ತದೆ. "ನನ್ನ ಪಾಸ್‌ಪೋರ್ಟ್ ಸುರಕ್ಷಿತವಾಗಿ ಇಟ್ಟುಕೊಳ್ಳಿ" ಎಂಬ ಕೋರಿಕೆ ಅದು. ಇವನು ಓದದೆ ಸಹಿ ಹಾಕಿರುತ್ತಾನೆ. ಓದಲಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಿದರೆ ಏನಾಗುತ್ತದೆಂದು ನಮ್ಮ ಜಿಲ್ಲೆ 2024ರಲ್ಲೇ ಕಂಡಿದೆ. ಸಹಾಯಕರ ಕೆಲಸವೆಂದು ರಷ್ಯಾಕ್ಕೆ ಹೋದ ಕಲಬುರಗಿ ಕಡೆಯ ಯುವಕರು ರಷ್ಯನ್ ಭಾಷೆಯ ಒಪ್ಪಂದಕ್ಕೆ ಸಹಿ ಹಾಕಿ ಯುಕ್ರೇನ್ ಯುದ್ಧದ ನಡುವೆ ಸಿಕ್ಕಿಕೊಂಡಿದ್ದರು.

"ಸಹಿ ಹಾಕಿಬಿಟ್ಟೀನಿ, ಇನ್ನೇನು ಮಾಡೋದು" ಎಂಬುದು ಎರಡನೆಯ ತಪ್ಪು ತಿಳಿವಳಿಕೆ. ಕೇಳಿದಾಗ ಪಾಸ್‌ಪೋರ್ಟ್ ಕೊಡಲೇಬೇಕು ಎಂದು ಅದೇ ಕಾನೂನು ಹೇಳುತ್ತದೆ. ಆದ್ದರಿಂದ ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗದೆ ಬರೆದು ಕೇಳಬೇಕು. "ನನ್ನ ಪಾಸ್‌ಪೋರ್ಟ್ ನನಗೆ ಕೊಡಿ" ಎಂದು ತಾರೀಖು ಸಮೇತ ಕಚೇರಿಯವರಿಗೆ ವಾಟ್ಸಾಪ್ ಮಾಡಿ, ಅದರ ಫೋಟೋ ಹಿಡಿದು ಮನೆಗೂ ಕಳಿಸಿಡಬೇಕು. ಕೊಡದಿದ್ದರೆ ಈ ಸಂದೇಶವೇ ಅಲ್ಲಿನ ಕಾರ್ಮಿಕ ಇಲಾಖೆಯ ದೂರಿಗೆ ಆಧಾರ. ಸಂಬಳದ ತಕರಾರೂ ಇದ್ದರೆ ಇಲಾಖೆ ಮೊದಲು ಏಳು ದಿನದಲ್ಲಿ ರಾಜಿಗೆ ಯತ್ನಿಸುತ್ತದೆ. ಆಗದಿದ್ದರೆ ವಿಷಯ ವಿವಾದ ಇತ್ಯರ್ಥ ಸಮಿತಿಗೆ ಹೋಗುತ್ತದೆ. ಸಮಿತಿ ಮೂರು ವಾರದಲ್ಲಿ ತೀರ್ಪು ಕೊಡಬೇಕೆಂಬ ನಿಯಮವಿದ್ದರೂ ಹೆಚ್ಚು ದಿನ ಹಿಡಿಯಬಹುದು. ಅಷ್ಟು ದಿನದ ಊಟದ ಖರ್ಚು ಕೈಯಲ್ಲಿರಲಿ.

"ಕಫೀಲ್ ಒಪ್ಪದೆ ಬೇರೆ ಕೆಲಸ ಸೇರಂಗಿಲ್ಲ" ಎಂಬುದು ಒಂದು ಕಾಲಕ್ಕೆ ನಿಜವಾಗಿತ್ತು. ಕತಾರಿನಲ್ಲಿ 2020ರಲ್ಲಿ ಆ ಒಪ್ಪಿಗೆಪತ್ರದ ಕಟ್ಟು ತೆಗೆದರು, ಮನೆಗೆಲಸದವರಿಗೂ ಅದು ಅನ್ವಯಿಸುತ್ತದೆ. ಎರಡು ವರ್ಷದೊಳಗೆ ಬಿಡುವವರು ಒಂದು ತಿಂಗಳು, ಅದಕ್ಕೂ ಹೆಚ್ಚು ಕಾಲ ದುಡಿದವರು ಎರಡು ತಿಂಗಳು ಮುಂಚೆ ಲಿಖಿತವಾಗಿ ತಿಳಿಸಬೇಕು. ಹೀಗಿದ್ದರೂ ರಾಜೀನಾಮೆಗೆ ಹಳೆಯ ಕಂಪನಿಯ ಸಹಿ, ಮೊಹರು ಬೇಕೆಂದು ಅಡ್ಡಗಾಲು ಹಾಕಿದ ಉದಾಹರಣೆಗಳಿವೆ. ಇಲಾಖೆಯಿಂದ ಬದಲಾವಣೆಗೆ ಒಪ್ಪಿಗೆ ಬರುವ ತನಕ ಹಳೆಯ ಸೈಟಿಗೆ ಹೋಗುವುದನ್ನು ಬಿಡಬಾರದು. ಹೇಳದೆ ಹೋಗಿ ಬೇರೆ ಕಡೆ ಕೆಲಸಕ್ಕೆ ನಿಂತರೆ "ಓಡಿಹೋದ" ಎಂದು ಮಾಲೀಕ ವರದಿ ಹಾಕುತ್ತಾನೆ. ಅಲ್ಲಿಂದಾಚೆಗೆ ಬಾಕಿ ಸಂಬಳ ಕೇಳಬೇಕಾದವನೇ ಆರೋಪಿಯಾಗಿ ನಿಲ್ಲುತ್ತಾನೆ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಅಪಾಯದ್ದು ಎನಿಸುವುದು ಇದೇ ಆತುರ.

ಕತಾರಿನ ಈ ಲೆಕ್ಕವನ್ನು ಸೌದಿಗೆ ಒಯ್ಯಬೇಡಿ. ಅಲ್ಲಿ ಮಾರ್ಚ್ 2021ರಲ್ಲಿ ಬಂದ ಸುಧಾರಣೆ ಮನೆಗೆಲಸದವರನ್ನೂ ಮನೆಯ ಡ್ರೈವರ್‌ಗಳನ್ನೂ ಹೊರಗಿಟ್ಟಿತು. ನಮ್ಮ ಕಡೆಯ ಹುಡುಗನೊಬ್ಬ ಡ್ರೈವರ್ ವೀಸಾದ ಮೇಲೆ ಹೋಗುವ ಮುಂಚೆ ಇದನ್ನು ತಿಳಿದಿರಬೇಕು.

ಕ್ಯಾಂಪಿನಲ್ಲಿ ಇನ್ನೊಂದು ಸಲಹೆ ಸಿಗುತ್ತದೆ. "ಕಳೆದು ಹೋಯ್ತು ಅಂತ ಪೊಲೀಸರಿಗೆ ಬರೆದುಕೊಡು, ಎಂಬಸಿಯವರು ಹೊಸದು ಕೊಡ್ತಾರ" ಎಂದು. ಇದನ್ನು ಮಾಡಬೇಡಿ. ಪಾಸ್‌ಪೋರ್ಟ್ ಕಳೆದಿಲ್ಲ, ಕಂಪನಿಯ ಕಪಾಟಿನಲ್ಲಿದೆ. ಮಾಲೀಕ ಅದನ್ನು ತೆಗೆದು ತೋರಿಸಿದ ಕ್ಷಣ ಸುಳ್ಳು ಹೇಳಿಕೆಯ ಹೊಣೆ ಕಾರ್ಮಿಕನ ಮೇಲೆ ಬೀಳುತ್ತದೆ. ಇದ್ದದ್ದನ್ನು ಇದ್ದಂತೆ ರಾಯಭಾರ ಕಚೇರಿಗೂ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ಗೂ ಬರೆಯಬೇಕು. ಮದದ್‌ನಲ್ಲಿ ಊರಿನಲ್ಲಿರುವ ಅಣ್ಣನೋ ಹೆಂಡತಿಯೋ ಕೂಡ ದೂರು ಹಾಕಬಹುದು. ಪಾಸ್‌ಪೋರ್ಟಿನ ಮೊದಲ ಪುಟ, ವೀಸಾ, ಒಪ್ಪಂದದ ಫೋಟೋಗಳು ಮನೆಯವರ ಫೋನಿನಲ್ಲಿದ್ದರೆ ಆ ದೂರಿಗೆ ಬೇಕಾದ ಸಂಖ್ಯೆಗಳೆಲ್ಲ ಅಲ್ಲೇ ಸಿಗುತ್ತವೆ.

ಏನೂ ಫಲಿಸದಿದ್ದರೆ ರಾಯಭಾರ ಕಚೇರಿ ತುರ್ತು ಪ್ರಯಾಣಪತ್ರ ಕೊಡಬಲ್ಲದು. ಅದು ಭಾರತಕ್ಕೆ ಒಂದು ಸಲ ಮರಳಲು ಮಾತ್ರ. ಅದನ್ನು ಹಿಡಿದು ಇನ್ನೊಂದು ಕಂಪನಿ ಸೇರಲಾಗದು, ಮತ್ತು ಹೆಸರಿನ ಮೇಲೆ ಕೇಸಿದ್ದರೆ ಅದು ಇತ್ಯರ್ಥವಾಗದೆ ವಿಮಾನ ಹತ್ತಲೂ ಆಗದು. ಬಾಕಿ ಸಂಬಳದ ದೂರು ಇನ್ನೂ ನಡೆಯುತ್ತಿದ್ದರೆ ವಿಮಾನ ಹತ್ತುವ ಮೊದಲು, ಅಲ್ಲಿಯೇ ಉಳಿಯುವ ನಂಬಿಕಸ್ಥ ಗೆಳೆಯನಿಗೆ ಮುಖ್ತಿಯಾರ್‌ಪತ್ರ ಮಾಡಿಕೊಟ್ಟು ಬನ್ನಿ.