ರೋಗದ ಹೆಸರಿನಿಂದಲ್ಲ, ರಿಪೋರ್ಟಿನ ಅಂಕಿಯಿಂದ

1952ರ ಬೇಸಿಗೆಯಲ್ಲಿ ಕೋಪನ್‌ಹೇಗನ್ನಿನ ಬ್ಲೆಗ್ಡಾಮ್ ಆಸ್ಪತ್ರೆ ಪೋಲಿಯೋ ರೋಗಿಗಳಿಂದ ತುಂಬಿಹೋಗಿತ್ತು. ಉಸಿರಾಟದ ಸ್ನಾಯುಗಳು ಸೋತವರ ರಕ್ತದಲ್ಲಿ ಬೈಕಾರ್ಬನೇಟ್ ಏರಿರುವುದನ್ನು ವೈದ್ಯರು ಕಂಡರು. ಬೈಕಾರ್ಬನೇಟ್ ಕ್ಷಾರೀಯ ವಸ್ತುವಾದ್ದರಿಂದ ರಕ್ತ ಕ್ಷಾರದ ಕಡೆಗೆ ವಾಲಿದೆ, ಅಂದರೆ ಇದು ಆಲ್ಕಲೋಸಿಸ್ ಎಂದು ತೀರ್ಮಾನಿಸಿದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಇದನ್ನು ಒಪ್ಪಲಿಲ್ಲ. ರೋಗಿಗಳು ಇಂಗಾಲದ ಡೈಆಕ್ಸೈಡನ್ನು ಹೊರಹಾಕಲಾರದೆ ಒದ್ದಾಡುತ್ತಿದ್ದಾರೆ, ರಕ್ತ ನಿಜವಾಗಿ ಆಮ್ಲೀಯವಾಗಿದೆ, ಬೈಕಾರ್ಬನೇಟ್ ಏರಿರುವುದು ಅದರ ಪರಿಣಾಮ ಎಂಬುದು ಅವರ ವಾದ. ಆಗಸ್ಟ್ 27ರಂದು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಶ್ವಾಸನಾಳಕ್ಕೆ ಕೊಳವೆ ಹಾಕಿ, ರಬ್ಬರ್ ಚೀಲ ಒತ್ತಿ ಉಸಿರು ಕೊಟ್ಟರು. ಆಕೆ ಉಳಿದಳು. ಮುಂದೆ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕುಳಿತು ಇಂಥ ನೂರಾರು ರೋಗಿಗಳಿಗೆ ಕೈಯಿಂದಲೇ ಉಸಿರು ಒತ್ತಿದರು.

ಅಂದು ಅಡ್ಡದಾರಿ ಹಿಡಿಸಿದ್ದು ಒಂಟಿಯಾಗಿ ಓದಿದ ಒಂದು ಅಂಕಿ. ಇಂದಿನ ಎಂಬಿಬಿಎಸ್ ವಿದ್ಯಾರ್ಥಿಗಳ ರಿವಿಜನ್ ನೋಟ್ಸಿನಲ್ಲೂ ಅದೇ ಅಪಾಯ ಬೇರೆ ರೂಪದಲ್ಲಿ ಕೂತಿರುತ್ತದೆ. ಒಂದು ಪುಟದಲ್ಲಿ ‘ಮೆಟಬಾಲಿಕ್ ಅಸಿಡೋಸಿಸ್’ ಎಂಬ ತಲೆಬರಹ, ಅದರ ಕೆಳಗೆ ಕಾರಣಗಳ ಪಟ್ಟಿ. ಮುಂದಿನ ಪುಟದಲ್ಲಿ ‘ರೆಸ್ಪಿರೇಟರಿ ಆಲ್ಕಲೋಸಿಸ್’, ಅಲ್ಲೂ ಪಟ್ಟಿ. ಆದರೆ ವಾರ್ಡಿನಲ್ಲಿ ರೋಗಿ ತಲೆಬರಹ ಹೊತ್ತು ಬರುವುದಿಲ್ಲ. ಕೈಗೆ ಸಿಗುವುದು ಎಬಿಜಿ ರಿಪೋರ್ಟು, ಅಂದರೆ ಅಪಧಮನಿಯ ರಕ್ತದ ಅನಿಲ ಪರೀಕ್ಷೆಯ ಚೀಟಿ, ಜೊತೆಗೆ ಸೋಡಿಯಂ ಮತ್ತು ಕ್ಲೋರೈಡ್. ಹಾಗಾಗಿ ಅದೇ ನೋಟ್ಸನ್ನು ಬಿಡಿಸಿ, ಅಂಕಿಯಿಂದ ಹೊರಟು ರೋಗವನ್ನು ತಲುಪುವ ಫ್ಲೋಚಾರ್ಟ್ ಆಗಿ ಮರುಜೋಡಿಸಬೇಕಾಗುತ್ತದೆ. ಕಾರಣಗಳ ಪಟ್ಟಿಗಳೆಲ್ಲ ಕಟ್ಟಕಡೆಯ ಚೌಕಗಳಿಗೆ ಹೋಗುತ್ತವೆ.

ಇಬ್ಬರು ರೋಗಿಗಳನ್ನು ಇಟ್ಟುಕೊಂಡು ಈ ದಾರಿಯಲ್ಲಿ ನಡೆದು ನೋಡಬಹುದು. ಉದಾಹರಣೆಗಾಗಿ ಕಟ್ಟಿದ ಅಂಕಿಗಳಾದರೂ ಇಂಥವು ಆಸ್ಪತ್ರೆಗಳಲ್ಲಿ ದಿನವೂ ಕಾಣುವಂಥವೇ. ಮೊದಲನೆಯವರಿಗೆ ಮೂರು ದಿನದಿಂದ ಭೇದಿ: ಪಿಎಚ್ 7.30, ಇಂಗಾಲದ ಡೈಆಕ್ಸೈಡಿನ ಒತ್ತಡ 29, ಬೈಕಾರ್ಬನೇಟ್ 14, ಸೋಡಿಯಂ 138, ಕ್ಲೋರೈಡ್ 112. ಎರಡನೆಯವರು ಇನ್ಸುಲಿನ್ ತಪ್ಪಿಸಿದ ಮಧುಮೇಹಿ, ಎರಡು ದಿನದಿಂದ ವಾಂತಿ: ಪಿಎಚ್ 7.30, ಒತ್ತಡ 31, ಬೈಕಾರ್ಬನೇಟ್ 15, ಸೋಡಿಯಂ 135, ಕ್ಲೋರೈಡ್ 85. ಮೊದಲ ಮೂರು ಅಂಕಿಗಳಲ್ಲಿ ಇಬ್ಬರೂ ಅವಳಿಗಳಂತಿದ್ದಾರೆ.

ಎಲ್ಲಕ್ಕಿಂತ ಮೇಲಿನ ಚೌಕ ರಿಪೋರ್ಟನ್ನೇ ಪರೀಕ್ಷಿಸುವುದು. ಇಂಗಾಲದ ಡೈಆಕ್ಸೈಡಿನ ಒತ್ತಡವನ್ನು 24ರಿಂದ ಗುಣಿಸಿ ಬೈಕಾರ್ಬನೇಟಿನಿಂದ ಭಾಗಿಸಿದರೆ ರಕ್ತದಲ್ಲಿನ ಹೈಡ್ರೋಜನ್ ಅಯಾನಿನ ಪ್ರಮಾಣ ಸಿಗುತ್ತದೆ. ಇಬ್ಬರಲ್ಲೂ ಅದು ಸುಮಾರು 50. ಪಿಎಚ್‌ನಲ್ಲಿ ದಶಾಂಶದ ನಂತರದ ಎರಡು ಅಂಕೆಗಳನ್ನು 80ರಿಂದ ಕಳೆದರೂ ಸರಿಸುಮಾರು ಅದೇ ಬರಬೇಕು; 80ರಿಂದ 30 ಕಳೆದರೆ 50. ಎರಡೂ ತಾಳೆಯಾಗದಿದ್ದರೆ ಅಂಕಿಗಳನ್ನು ನಕಲು ಮಾಡುವಾಗ ಎಲ್ಲೋ ಎಡವಟ್ಟಾಗಿದೆ, ಇಲ್ಲವೇ ಎರಡು ಬೇರೆ ಹೊತ್ತಿನ ರಕ್ತವನ್ನು ಬೆರೆಸಿ ಓದಲಾಗುತ್ತಿದೆ. ಆಗ ಮುಂದಿನ ಬಾಣ ಹಿಡಿಯುವುದೇ ವ್ಯರ್ಥ. ಪಿಎಚ್ ತೀರಾ ಏರಿಳಿದಾಗ, ಅಂದರೆ 7.2ಕ್ಕಿಂತ ಕೆಳಗೆ ಅಥವಾ 7.5ಕ್ಕಿಂತ ಮೇಲೆ, ಈ ಕಳೆಯುವ ಉಪಾಯ ನೆಚ್ಚುವಂಥದ್ದಲ್ಲ.

ಪಿಎಚ್ 7.35ಕ್ಕಿಂತ ಕಡಿಮೆ, ಬೈಕಾರ್ಬನೇಟೂ ಕಡಿಮೆ. ಹಾಗಾಗಿ ಇಬ್ಬರಿಗೂ ಇರುವುದು ಮೆಟಬಾಲಿಕ್ ಅಸಿಡೋಸಿಸ್. ಮುಂದಿನ ಪ್ರಶ್ನೆ, ಶ್ವಾಸಕೋಶ ತನ್ನ ಪಾಲಿನ ಕೆಲಸ ಮಾಡುತ್ತಿದೆಯೇ? ರಕ್ತ ಆಮ್ಲೀಯವಾದಾಗ ದೇಹ ಜೋರಾಗಿ ಉಸಿರಾಡಿ ಇಂಗಾಲದ ಡೈಆಕ್ಸೈಡನ್ನು ಇಳಿಸುತ್ತದೆ. ಎಷ್ಟು ಇಳಿಯಬೇಕು ಎಂಬುದಕ್ಕೆ ವಿಂಟರ್ಸ್ ಸೂತ್ರವಿದೆ: ಬೈಕಾರ್ಬನೇಟಿನ ಒಂದೂವರೆ ಪಟ್ಟಿಗೆ 8 ಕೂಡಿಸಿದರೆ ಬರುವ ಅಂಕಿ, ಎರಡು ಆಚೀಚೆ. ಭೇದಿಯ ರೋಗಿಗೆ 29 ಬರುತ್ತದೆ, ಮಧುಮೇಹಿಗೆ 30.5. ಇಬ್ಬರ ಉಸಿರೂ ಸರಿಯಾಗಿ ಸ್ಪಂದಿಸಿದೆ. ಮಧುಮೇಹಿಯಲ್ಲಿ ಅದು 31ರ ಬದಲು 40 ಇದ್ದಿದ್ದರೆ? ನೋಟ್ಸಿನಲ್ಲಿ ‘ನಾರ್ಮಲ್ 35–45’ ಎಂದು ಬರೆದುಕೊಂಡ ವಿದ್ಯಾರ್ಥಿ ಸಮಾಧಾನದಿಂದ ಮುಂದೆ ಹೋಗುತ್ತಾನೆ. ಆದರೆ ಆ ರೋಗಿಗೆ 40 ಎಂಬುದು ಉಸಿರಾಟ ಸೋಲುತ್ತಿರುವ ಸೂಚನೆ. ಹಾಗಾಗಿ ಈ ಚೌಕದಲ್ಲಿ ‘ನಾರ್ಮಲ್ ಎಷ್ಟು’ ಎಂದು ಬರೆಯಬಾರದು, ‘ಈ ರೋಗಿಯಲ್ಲಿ ಎಷ್ಟಿರಬೇಕಿತ್ತು’ ಎಂದೇ ಬರೆಯಬೇಕು.

ಅವಳಿಗಳು ಬೇರೆಯಾಗುವುದು ಆನಯಾನ್ ಗ್ಯಾಪ್ ಎಂಬ ಚೌಕದಲ್ಲಿ. ಸೋಡಿಯಂನಿಂದ ಕ್ಲೋರೈಡ್ ಮತ್ತು ಬೈಕಾರ್ಬನೇಟ್ ಎರಡನ್ನೂ ಕಳೆದರೆ ಉಳಿಯುವುದೇ ಈ ಗ್ಯಾಪ್. ಸಾಮಾನ್ಯವಾಗಿ 12ರ ಆಸುಪಾಸು. ಭೇದಿಯವರಲ್ಲಿ ಅದು ಸರಿಯಾಗಿ 12. ಕರುಳಿನಿಂದ ಬೈಕಾರ್ಬನೇಟ್ ಹರಿದುಹೋಗಿದೆ, ಆ ಜಾಗವನ್ನು ಕ್ಲೋರೈಡ್ ತುಂಬಿದೆ. ಮಧುಮೇಹಿಯಲ್ಲಿ ಗ್ಯಾಪ್ 35. ಲ್ಯಾಬು ಅಳೆಯದ ಯಾವುದೋ ಆಮ್ಲ ಅಲ್ಲಿ ಸೇರಿಕೊಂಡಿದೆ. ಇವರಲ್ಲಿ ಅದು ಕೀಟೋನ್.

ಇಲ್ಲಿಗೇ ನಿಲ್ಲುವ ಫ್ಲೋಚಾರ್ಟುಗಳು ಬಹಳ. ಆದರೆ ನಿಜವಾದ ಸ್ವಾರಸ್ಯ ಇದರ ಮುಂದಿನ ಹೆಜ್ಜೆಯಲ್ಲಿದೆ. ಗ್ಯಾಪ್ 12ರಿಂದ 35ಕ್ಕೆ, ಅಂದರೆ 23ರಷ್ಟು ಏರಿದೆ. ಅಷ್ಟು ಆಮ್ಲ ಹೆಚ್ಚುಕಡಿಮೆ ಅಷ್ಟೇ ಬೈಕಾರ್ಬನೇಟನ್ನು ನುಂಗಿರಬೇಕು. ಈಗ ಉಳಿದಿರುವ 15ಕ್ಕೆ ಆ 23ನ್ನು ಮರಳಿ ಕೂಡಿಸಿದರೆ 38 ಆಗುತ್ತದೆ. ಇರಬೇಕಾದದ್ದು 24. ಹೆಚ್ಚುವರಿ ಬೈಕಾರ್ಬನೇಟ್ ಬಂದಿದ್ದು ವಾಂತಿಯಿಂದ: ಹೊಟ್ಟೆಯ ಆಮ್ಲ ಹೊರಹೋದಾಗಲೆಲ್ಲ ರಕ್ತದಲ್ಲಿ ಬೈಕಾರ್ಬನೇಟ್ ಏರುತ್ತದೆ. ಹಾಗಾದರೆ ಇವರಲ್ಲಿ ಅಸಿಡೋಸಿಸ್, ಆಲ್ಕಲೋಸಿಸ್ ಎರಡೂ ಒಟ್ಟಿಗಿವೆ, 7.30 ಎಂಬ ಪಿಎಚ್ ಕೀಟೋನ್ ಹಾವಳಿಯನ್ನು ಕಡಿಮೆ ಮಾಡಿ ತೋರಿಸುತ್ತಿದೆ. ಇದು ಚಿಕಿತ್ಸೆಗೂ ಮುಖ್ಯ. ವಾಂತಿಯ ಆಲ್ಕಲೋಸಿಸ್‌ನಲ್ಲಿ ಮೂತ್ರದ ಮೂಲಕ ಪೊಟ್ಯಾಸಿಯಂ ಸೋರಿಹೋಗುತ್ತದೆ, ಇನ್ಸುಲಿನ್ ಕೊಟ್ಟಾಗ ಉಳಿದದ್ದೂ ಜೀವಕೋಶಗಳೊಳಗೆ ಸರಿಯುತ್ತದೆ. ಅದನ್ನು ಗಮನಿಸುತ್ತಿರದಿದ್ದರೆ ಹೃದಯದ ಲಯ ತಪ್ಪಬಹುದು. ಒಂದು ಮಾತು ನೆನಪಿಡಬೇಕು: ಒಂದಕ್ಕೊಂದು ಎಂಬ ಈ ಲೆಕ್ಕ ಅಂದಾಜಿನದು. ಕೀಟೋನ್ ಮೂತ್ರದಲ್ಲಿ ಹೋಗುತ್ತದೆ, ಲ್ಯಾಕ್ಟಿಕ್ ಆಮ್ಲದ ನಡೆ ಬೇರೆ. 24ರಿಂದ ಎರಡು ಮೂರು ಆಚೀಚೆ ಇದ್ದಾಗ ಹೊಸ ಕಾಯಿಲೆ ಹುಡುಕಲು ಹೊರಡಬಾರದು; 38 ಬಂದಾಗ ಬಿಡಬಾರದು.

ನೋಟ್ಸನ್ನು ಚಾರ್ಟಿಗೆ ಇಳಿಸುವಾಗ ಸುಲಭವಾಗಿ ಆಗುವ ತಪ್ಪು, ‘ಪಿಎಚ್ ನಾರ್ಮಲ್’ ಎಂಬಲ್ಲಿಂದ ನೇರ ‘ತೊಂದರೆ ಇಲ್ಲ’ ಎಂಬಲ್ಲಿಗೆ ಎಳೆಯುವ ಬಾಣ. ಕಿಡ್ನಿ ಸೋತ ರೋಗಿಯೊಬ್ಬರು ವಾಂತಿ ಮಾಡಿಕೊಳ್ಳುತ್ತ ಬರುತ್ತಾರೆ ಎನ್ನೋಣ: ಪಿಎಚ್ 7.40, ಒತ್ತಡ 40, ಬೈಕಾರ್ಬನೇಟ್ 24. ಪಠ್ಯಪುಸ್ತಕದ ಆರೋಗ್ಯವಂತನ ಅಂಕಿಗಳೇ. ಆದರೆ ಸೋಡಿಯಂ 145, ಕ್ಲೋರೈಡ್ 95, ಗ್ಯಾಪ್ 26. ಎರಡು ಗಂಭೀರ ತೊಂದರೆಗಳು ಒಂದನ್ನೊಂದು ಅಳಿಸಿಹಾಕಿವೆ. ಹಾಗಾಗಿ ಗ್ಯಾಪ್‌ನ ಚೌಕ ಅಸಿಡೋಸಿಸ್‌ನ ಕೊಂಬೆಯಲ್ಲಿ ಮಾತ್ರ ಇದ್ದರೆ ಸಾಲದು, ಎಲ್ಲ ದಾರಿಗಳೂ ಅದರ ಮೂಲಕವೇ ಹಾಯಬೇಕು. ಅದರ ಪಕ್ಕದಲ್ಲೇ ಆಲ್ಬುಮಿನ್ ಎಂದೂ ಬರೆದಿರಬೇಕು. ರಕ್ತದ ಈ ಪ್ರೋಟೀನು 4ರಿಂದ ಒಂದೊಂದು ಗ್ರಾಂ ಇಳಿದಾಗಲೂ ಗ್ಯಾಪ್‌ಗೆ 2.5 ಸೇರಿಸಿ ಓದಬೇಕು. ನಿತ್ರಾಣಗೊಂಡ ರೋಗಿಯಲ್ಲಿ ಆಲ್ಬುಮಿನ್ 2 ಇದ್ದರೆ, ರಿಪೋರ್ಟಿನಲ್ಲಿ 12 ಎಂದು ಕಾಣುವ ಗ್ಯಾಪ್ ವಾಸ್ತವದಲ್ಲಿ 17.

ಇನ್ನು ಶ್ವಾಸಕೋಶದಿಂದಲೇ ಹುಟ್ಟುವ ತೊಂದರೆಯ ಕೊಂಬೆ. ಇಲ್ಲಿ ಅಂಕಿಗಳು ಅರ್ಧ ದಾರಿಯವರೆಗೆ ಮಾತ್ರ ಜೊತೆಗಿರುತ್ತವೆ. ಇಂಗಾಲದ ಡೈಆಕ್ಸೈಡ್ 40ರಿಂದ 60ಕ್ಕೆ ಏರಿದ್ದು ಇವತ್ತೇ ಆದರೆ ಬೈಕಾರ್ಬನೇಟ್ ಸುಮಾರು 26 ಇರುತ್ತದೆ. ಎಷ್ಟೋ ದಿನಗಳಿಂದ ಹಾಗೇ ಇದ್ದರೆ ಕಿಡ್ನಿ ಅದನ್ನು 31–32ಕ್ಕೆ ಏರಿಸಿರುತ್ತದೆ. ರಿಪೋರ್ಟಿನಲ್ಲಿ 29 ಬಂದರೆ ಏನು ಹೇಳುವುದು? ಹೊಸ ತೊಂದರೆಗೆ ಕಿಡ್ನಿ ಈಗಷ್ಟೇ ಹೊಂದಿಕೊಳ್ಳುತ್ತಿರಬಹುದು, ಹಳೆಯ ಶ್ವಾಸಕೋಶದ ರೋಗಿಯ ಸ್ಥಿತಿ ಇವತ್ತು ದಿಢೀರನೆ ಬಿಗಡಾಯಿಸಿರಬಹುದು. ಮೂರೂ ಅಂಕಿಗಳನ್ನು ಎಷ್ಟು ತಿರುವಿದರೂ ಇದು ತಿಳಿಯುವುದಿಲ್ಲ. ಈ ಚೌಕದಲ್ಲಿ ಸೂತ್ರದ ಬದಲು ಎರಡು ಪ್ರಶ್ನೆಗಳಿರಬೇಕು: ಉಬ್ಬಸ ಯಾವಾಗಿನಿಂದ, ಹಳೆಯ ರಿಪೋರ್ಟು ಮನೆಯಲ್ಲಿದೆಯೇ?